ಅಸಲಿನಲ್ಲಿ ಕಡಿಮೆಯಾದ ಹದಿನೆಂಟು ಸಾವಿರ

ಪುಂಜಾಲಕಟ್ಟೆಯಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ಅನಂತಮತಿಯಕ್ಕನನ್ನು ಅಲ್ಲಿನ ಬಸದಿಯ ಸಮಿತಿ ಕೋಶಾಧಿಕಾರಿ ಮಾಡಿದಾಗ ಆಕೆ ಬೇಡವೆಂದೇ ಹೇಳಿದ್ದಳು. ಗಂಡ ತೀರಿಹೋದ ಮೇಲೆ ಒಬ್ಬಳೇ ಅಂಗಡಿ ನಡೆಸಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿಸಿದವಳು. ಗಿರಾಕಿಗೆ ಕೊಡಬೇಕಾದ ಎರಡು ರೂಪಾಯಿ ಚಿಲ್ಲರೆ ಇಲ್ಲದಿದ್ದರೆ ಪಕ್ಕದ ಅಂಗಡಿಯಿಂದ ತಂದಾದರೂ ಕೊಡುತ್ತಿದ್ದಳು. ಅದನ್ನು ನೋಡಿಯೇ ಸಮಿತಿಯ ಅಧ್ಯಕ್ಷ ಮುನಿರಾಜಣ್ಣ, "ಬಸದಿಯ ದುಡ್ಡು ನಿನ್ನ ಕೈಯಲ್ಲಿದ್ದರೆ ನಮಗೆ ನಿದ್ದೆ ಬರ್ತದೆ ಅಕ್ಕ" ಎಂದು ಒತ್ತಾಯ ಮಾಡಿದ್ದರು. ಹೆಂಗಸೊಬ್ಬಳು ಆ ಜಾಗಕ್ಕೆ ಬಂದದ್ದು ಅದೇ ಮೊದಲು. ಕೆಲವರಿಗೆ ಅದು ಹಿಡಿಸಲಿಲ್ಲ. ಆದರೆ ಬಾಯಿ ಬಿಟ್ಟು ಯಾರೂ ಹೇಳಲಿಲ್ಲ.

ಆಕೆ ಮೊದಲು ಮಾಡಿದ ಕೆಲಸವೇ ಬಸದಿಯ ಐದು ಲಕ್ಷ ರೂಪಾಯಿಯನ್ನು ಬೆಳ್ತಂಗಡಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಮೂರು ವರ್ಷದ ಠೇವಣಿ ಇಟ್ಟದ್ದು. ಬಡ್ಡಿ ನೂರಕ್ಕೆ ಏಳೂವರೆ. ಮೂರು ತಿಂಗಳಿಗೊಮ್ಮೆ ಒಂಬತ್ತು ಸಾವಿರದ ಮುನ್ನೂರ ಎಪ್ಪತ್ತೈದು ರೂಪಾಯಿ ಬಸದಿಯ ಉಳಿತಾಯ ಖಾತೆಗೆ ಬಂದು ಬೀಳುತ್ತಿತ್ತು. ನಿತ್ಯಪೂಜೆಯ ಎಣ್ಣೆ, ಹೂವು, ಅರ್ಚಕರ ಸಂಬಳದ ಒಂದು ಪಾಲು ಎಲ್ಲ ಅದರಲ್ಲೇ ಸಾಗುತ್ತಿತ್ತು.

ಒಂದೂವರೆ ವರ್ಷ ಕಳೆದಾಗ ಗರ್ಭಗುಡಿಯ ಮೇಲಿನ ತೊಲೆಗೆ ಗೆದ್ದಲು ಹತ್ತಿದ್ದು ಗೊತ್ತಾಯಿತು. ಬಡಗಿ ತುಕ್ರಪ್ಪ ಉಳಿಯಿಂದ ಒಮ್ಮೆ ಕುಟ್ಟಿದ್ದೇ ತಡ, ತೊಲೆಯ ಒಂದು ಭಾಗ ಪುಡಿಯಾಗಿ ಉದುರಿತು. "ಇದರ ಅಡಿಯಲ್ಲಿ ನಿಂತು ಪೂಜೆ ಮಾಡುವುದು ಬೇಡ" ಎಂದ ಅವನು. ಸಮಿತಿ ಅಂದೇ ಸಭೆ ಸೇರಿ ಠೇವಣಿ ಮುರಿಯುವುದೆಂದು ತೀರ್ಮಾನಿಸಿತು. ಅನಂತಮತಿಯಕ್ಕ, ಮುನಿರಾಜಣ್ಣ ಇಬ್ಬರೂ ಬ್ಯಾಂಕಿಗೆ ಹೋಗಿ ಸಹಿ ಹಾಕಿ ಬಂದರು.

ಮರುದಿನ ಪಾಸ್‌ಬುಕ್ಕಿನಲ್ಲಿ ಮುದ್ರಿಸಿಕೊಂಡು ನೋಡಿದರೆ ಖಾತೆಗೆ ಬಂದದ್ದು ನಾಲ್ಕು ಲಕ್ಷದ ಎಂಬತ್ತೊಂದು ಸಾವಿರದ ಇನ್ನೂರ ಐವತ್ತು. ಅಕ್ಕ ಮೂರು ಸಲ ಓದಿದಳು. ಅವಧಿಗೆ ಮೊದಲೇ ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಹೋಗುತ್ತದೆಂದು ಆಕೆಗೆ ಗೊತ್ತಿತ್ತು. ಇಲ್ಲಿ ಅಸಲಿನಲ್ಲೇ ಹದಿನೆಂಟು ಸಾವಿರದ ಏಳುನೂರ ಐವತ್ತು ಕಾಣೆಯಾಗಿತ್ತು.

ಸಮಿತಿಯ ವಾಟ್ಸಾಪ್ ಗುಂಪಿಗೆ ಪಾಸ್‌ಬುಕ್ಕಿನ ಪುಟದ ಫೋಟೊ ಹಾಕುವುದು ಆಕೆಯ ಕ್ರಮ. ಅಂದೂ ಹಾಕಿದಳು. ಕಾರ್ಯದರ್ಶಿ ಆದೀಶ್, ಮೂಡುಬಿದಿರೆಯಲ್ಲಿ ಟೈಲ್ಸ್ ವ್ಯಾಪಾರ ಮಾಡುವ ಹುಡುಗ, ಸಂಜೆಗೆ ಬರೆದ: "ಐದು ಲಕ್ಷ ಇಟ್ಟದ್ದು. ಅಸಲು ಕಮ್ಮಿಯಾಗುವುದು ಠೇವಣಿಯ ಮೇಲೆ ಸಾಲ ಇದ್ದರೆ ಮಾತ್ರ. ಕೋಶಾಧಿಕಾರಿಯವರು ಸ್ಪಷ್ಟಪಡಿಸಬೇಕು."

ಯಾರೂ ಏನೂ ಬರೆಯಲಿಲ್ಲ. ಗುಂಪಿನ ಹನ್ನೊಂದು ಜನರೂ ಓದಿದ್ದರು. ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕುವವರೂ ಸುಮ್ಮನಿದ್ದರು.

ಅಕ್ಕ ಮುನಿರಾಜಣ್ಣನಿಗೆ ಫೋನು ಮಾಡಿದಳು.

"ಅಕ್ಕ, ನಾನು ನೀನು ತೋರಿಸಿದಲ್ಲಿ ಸಹಿ ಹಾಕಿದವ. ಓದಿ ಹಾಕಿದ್ದಲ್ಲ" ಎಂದರು ಅವರು. "ಮೊದಲು ಯಾವುದಾದರೂ ಕಾಗದಕ್ಕೆ ನನ್ನ ಸಹಿ ತೆಗೊಂಡದ್ದು ಉಂಟಾ, ಸಾಲಕ್ಕೆ ಅಂತ?"

"ಮುನಿರಾಜಣ್ಣ! ನೀವೂ ಹೀಗೆ ಕೇಳುವುದಾ?"

"ಕೇಳಿದ್ದು ಮಾತ್ರ. ನಾಳೆ ನನ್ನ ಹತ್ತಿರವೂ ಜನ ಕೇಳ್ತಾರಲ್ಲ."

ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಅಂಗಡಿಯಲ್ಲಿ ಇಡ್ಲಿ ಪಾತ್ರೆ ಕೇಳಿದವರಿಗೆ ಕುಕ್ಕರ್ ತೆಗೆದುಕೊಟ್ಟಳು. ಗಲ್ಲಾಪೆಟ್ಟಿಗೆಯಲ್ಲಿ ಸಗಟು ವ್ಯಾಪಾರಿಗೆ ಕೊಡಲು ತೆಗೆದಿಟ್ಟ ಇಪ್ಪತ್ತು ಸಾವಿರ ಇತ್ತು. ಅದರಿಂದಲೇ ಬಸದಿಯ ಖಾತೆಗೆ ಕಟ್ಟಿಬಿಟ್ಟರೆ ಐದು ಲಕ್ಷ ಭರ್ತಿಯಾಗುತ್ತದೆ, ಮಾತು ಮುಗಿಯುತ್ತದೆ. ನೋಟಿನ ಕಟ್ಟನ್ನು ಹೊರಗೆ ತೆಗೆದೂ ಆಯಿತು. ಅಷ್ಟರಲ್ಲಿ ತೋರಿಬಂತು: ಕಟ್ಟಿದರೆ, ತೆಗೆದದ್ದು ಹೌದು ಎಂದು ಒಪ್ಪಿದ ಹಾಗೆಯೇ ಅಲ್ಲವೇ? ಕಟ್ಟನ್ನು ಒಳಗಿಟ್ಟು, ಅಂಗಡಿಗೆ ಬೀಗ ಹಾಕಿ, ಬೆಳ್ತಂಗಡಿಯ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಒಂದೇ ಚಿಂತೆ. ಬ್ಯಾಂಕಿನವರು "ಎಲ್ಲ ಸರಿ ಉಂಟು" ಎಂದು ಒಂದೇ ಮಾತಿನಲ್ಲಿ ಕಳಿಸಿದರೆ? ಗುಂಪಿನಲ್ಲಿ ಏನು ಬರೆಯುವುದು? ಸರಿ ಇದ್ದರೂ ತನಗೆ ಅರ್ಥವಾಗದಿದ್ದರೆ ಬೇರೆಯವರಿಗೆ ಹೇಗೆ ಹೇಳುವುದು?

ಠೇವಣಿಯ ಕೌಂಟರಿನಲ್ಲಿ ರಾಫಿಯಾ ಎಂಬ ಅಧಿಕಾರಿ ಇದ್ದಳು. ಮೊನ್ನೆ ಠೇವಣಿ ಮುರಿದುಕೊಟ್ಟವಳೂ ಅವಳೇ.

"ಅಕ್ಕ, ಇದು ಅವಧಿಗೆ ಮೊದಲೇ ಮುರಿದ ದಂಡ. ಸಿಸ್ಟಮ್‌ನಲ್ಲೇ ಲೆಕ್ಕ ಆಗ್ತದೆ" ಎಂದಳು.

"ಆಗಲಿ ಮಗಾ. ಆದರೆ ನನಗೆ ಒಂದು ಕಾಗದದಲ್ಲಿ ಮಾಡಿ ತೋರಿಸು. ಊರಲ್ಲಿ ನನ್ನನ್ನು ಕಳ್ಳಿ ಅಂತ ಹೇಳುವ ಮೊದಲು ನನಗೇ ಇದು ಅರ್ಥ ಆಗಬೇಕು."

ರಾಫಿಯಾ ಆಕೆಯ ಮುಖ ನೋಡಿದಳು. ಹಿಂದಿದ್ದ ಗಿರಾಕಿಗೆ ಸ್ವಲ್ಪ ಕಾಯಲು ಹೇಳಿ, ಕುರ್ಚಿ ತೋರಿಸಿ, ಬಿಳಿ ಹಾಳೆ ಎಳೆದುಕೊಂಡಳು.

"ಅಸಲು ಐದು ಲಕ್ಷ. ಏಳೂವರೆ ಕೊಡುವುದು ಮೂರು ವರ್ಷ ಇಟ್ಟರೆ ಮಾತ್ರ. ನೀವು ಇಟ್ಟದ್ದು ಒಂದೂವರೆ ವರ್ಷ. ಹಾಗಾಗಿ ಒಂದೂವರೆ ವರ್ಷದ ಠೇವಣಿಗೆ ಎಷ್ಟು ದರ ಉಂಟೋ ಅಷ್ಟೇ ಸಿಗುವುದು. ಅದರಲ್ಲಿ ನೂರಕ್ಕೆ ಒಂದು ದಂಡ ಕಳೀಬೇಕು. ಬಡ್ಡಿ ಐದು ಪರ್ಸೆಂಟ್ ಆಯ್ತು. ಒಂದೂವರೆ ವರ್ಷಕ್ಕೆ ಮೂವತ್ತೇಳು ಸಾವಿರದ ಐನೂರು."

"ಅದು ನನಗೆ ಬರಬೇಕಾದ್ದಲ್ಲವಾ? ಕೊಡುವ ಬದಲು ತೆಗೆದಿದ್ದೀರಲ್ಲ."

"ಈಗಾಗಲೇ ಕೊಟ್ಟಾಗಿದೆ ಅಕ್ಕ. ಮೂರು ತಿಂಗಳಿಗೊಮ್ಮೆ ಏಳೂವರೆಯ ಲೆಕ್ಕದಲ್ಲಿ ಆರು ಸಲ ಖಾತೆಗೆ ಬಂದಿದೆ. ಒಟ್ಟು ಐವತ್ತಾರು ಸಾವಿರದ ಇನ್ನೂರ ಐವತ್ತು. ಬರಬೇಕಾದ್ದಕ್ಕಿಂತ ಹೆಚ್ಚು ಬಂದದ್ದನ್ನು ಅಸಲಿನಲ್ಲಿ ಹಿಡಿದಿದ್ದೇವೆ. ಸಾಲ ಗೀಲ ಏನೂ ಇಲ್ಲ."

ಅನಂತಮತಿಯಕ್ಕನಿಗೆ ಎದೆಯ ಮೇಲಿದ್ದ ಕಲ್ಲೊಂದು ಸ್ವಲ್ಪ ಸರಿದ ಹಾಗಾಯಿತು. ಹೌದಲ್ಲ, ಎಣ್ಣೆಗೆ, ಹೂವಿಗೆ ಖರ್ಚಾದದ್ದು ಆ ದುಡ್ಡೇ. ಆದರೆ ವ್ಯಾಪಾರದ ತಲೆ, ಅಷ್ಟಕ್ಕೇ ಬಿಡಲಿಲ್ಲ.

"ದಂಡ ಒಂದು ಅಂದೆ. ದಂಡ ಕಳೆದು ಐದು ಅಂದರೆ ಕಳೆಯುವ ಮೊದಲು ಆರು. ಆ ಆರು ಎಲ್ಲಿಂದ ಬಂತು?"

ರಾಫಿಯಾ ಗೋಡೆಯಲ್ಲಿದ್ದ ಬಡ್ಡಿದರದ ಫಲಕ ತೋರಿಸಿದಳು. ಒಂದು ವರ್ಷದಿಂದ ಎರಡು ವರ್ಷದೊಳಗೆ, ಆರು.

"ಅದು ಇವತ್ತಿನದ್ದಲ್ಲವಾ? ನಾನು ದುಡ್ಡು ಇಡುವಾಗ ಆ ಫಲಕದಲ್ಲಿ ಎಲ್ಲವೂ ಹೆಚ್ಚಿತ್ತು. ಈಗ ಮೂರು ವರ್ಷಕ್ಕೂ ಏಳೂವರೆ ಕಾಣುವುದಿಲ್ಲ."

ರಾಫಿಯಾಳ ಪೆನ್ನು ನಿಂತಿತು. ಕಂಪ್ಯೂಟರಿನತ್ತ ತಿರುಗಿ ಎರಡು ಮೂರು ಕಡೆ ಒತ್ತಿ ನೋಡಿದಳು. "ಒಂದು ನಿಮಿಷ ಅಕ್ಕ" ಎಂದು ಮ್ಯಾನೇಜರ್ ಕೋಣೆಗೆ ಹೋದಳು.

ಆ ಒಂದು ನಿಮಿಷ ಬಹಳ ಉದ್ದವಾಯಿತು. ಗಾಜಿನ ಗೋಡೆಯ ಆಚೆ ರಾಫಿಯಾ ನಿಂತೇ ಮಾತಾಡುತ್ತಿದ್ದಳು. ಮ್ಯಾನೇಜರ್ ಹಣೆ ಉಜ್ಜಿಕೊಳ್ಳುತ್ತಿದ್ದರು. ತಪ್ಪು ತನ್ನದೇ ಇರಬಹುದೇ, ಬಸದಿಯ ಕಾಗದದಲ್ಲಿ ಇನ್ನೇನಾದರೂ ಹೊಸ ತೊಂದರೆ ಸಿಕ್ಕಿತೇ ಎಂದು ಅಕ್ಕ ಸೆರಗಿನ ತುದಿ ತಿರುಚುತ್ತಾ ಕೂತಳು.

ಮ್ಯಾನೇಜರ್ ಅಬ್ದುಲ್ ಸಲಾಂ ಆಕೆಯನ್ನು ಒಳಗೆ ಕರೆದು ಕೂರಿಸಿದರು.

"ನೀವು ಕೇಳಿದ್ದು ಸರಿ ಉಂಟು ಮೇಡಂ. ನಮ್ಮ ನಿಯಮದ ಪ್ರಕಾರ ನೋಡಬೇಕಾದ್ದು ಠೇವಣಿ ಇಟ್ಟ ದಿನ ಇದ್ದ ದರ, ಮುರಿದ ದಿನದ್ದಲ್ಲ. ಆವತ್ತು ಒಂದೂವರೆ ವರ್ಷಕ್ಕೆ ಆರೂ ಮುಕ್ಕಾಲು ಇತ್ತು. ಹೋದ ವರ್ಷ ನಮ್ಮ ಸಿಸ್ಟಮ್ ಬದಲಾದ ಮೇಲೆ ಹಳೆಯ ದರವನ್ನು ಕೈಯಲ್ಲೇ ಹಾಕಬೇಕು. ಅಲ್ಲಿ ತಪ್ಪಿದೆ."

"ಅಂದರೆ ಪೂರ್ತಿ ಐದು ಲಕ್ಷ ಬರ್ತದಾ?"

"ಇಲ್ಲ. ದಂಡ ಹೋಗಿಯೇ ಹೋಗ್ತದೆ. ಆರೂ ಮುಕ್ಕಾಲರಲ್ಲಿ ಒಂದು ಕಳೆದರೆ ಐದೂ ಮುಕ್ಕಾಲು. ಬಡ್ಡಿ ನಲವತ್ತಮೂರು ಸಾವಿರದ ನೂರ ಇಪ್ಪತ್ತೈದು ಆಗ್ತದೆ. ನಿಮಗೆ ಇನ್ನೂ ಐದು ಸಾವಿರದ ಆರುನೂರ ಇಪ್ಪತ್ತೈದು ಕೊಡಬೇಕು. ಉಳಿದ ಹದಿಮೂರು ಸಾವಿರ ಚಿಲ್ಲರೆ ಬ್ಯಾಂಕು ಹಿಡಿದದ್ದು ಸರಿ."

ಸಂತೋಷವಾಗಬೇಕಿತ್ತು. ಅಕ್ಕನಿಗೆ ಬಂದದ್ದು ಹೊಸ ಭಯ. ಐದು ಸಾವಿರ ವಾಪಸು ಬಂದರೂ ಹದಿಮೂರು ಸಾವಿರದ ಪ್ರಶ್ನೆ ಉಳಿಯಿತಲ್ಲ. ಬಾಗಿಲ ಬಳಿ ನಿಂತಿದ್ದ ರಾಫಿಯಾ, "ನನ್ನದೇ ತಪ್ಪು ಅಕ್ಕ. ಫಲಕ ನೋಡಿ ಹಾಕಿಬಿಟ್ಟೆ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ತನ್ನ ಹಾಗೆಯೇ ಇವಳಿಗೂ ನಾಳೆ ಯಾರೋ ಲೆಕ್ಕ ಕೇಳುತ್ತಾರೆಂದು ಅಕ್ಕನಿಗೆ ಅನ್ನಿಸಿತು.

"ಸರಿ ಮಾಡಿದಿರಲ್ಲ, ಸಾಕು" ಎಂದಳು. ಮತ್ತೆ ಮ್ಯಾನೇಜರ್ ಕಡೆ ತಿರುಗಿದಳು. "ನನಗೆ ಎರಡು ವಿಷಯ ಬರೆದು ಸೀಲು ಹಾಕಿ ಕೊಡಿ. ಲೆಕ್ಕ ಹೇಗೆ ಮಾಡಿದ್ದು ಅಂತ. ಈ ಠೇವಣಿಯ ಮೇಲೆ ಯಾವತ್ತೂ ಸಾಲ ಇರಲಿಲ್ಲ ಅಂತ."

"ಖಂಡಿತ ಕೊಡ್ತೇನೆ. ನೀವೂ ಒಂದು ಅರ್ಜಿ ಬರೆದುಕೊಡಿ, ದರ ತಪ್ಪಿದೆ ಅಂತ. ಮುಖ್ಯ ಕಚೇರಿಯ ಒಪ್ಪಿಗೆ ಬೇಕು."

ಒಪ್ಪಿಗೆ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಅಕ್ಕ ಗುಂಪಿನಲ್ಲಿ, "ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಕೇಳಿದ್ದೇನೆ, ಭಾನುವಾರ ಸಭೆಯಲ್ಲಿ ಹೇಳುತ್ತೇನೆ" ಎಂದು ಬರೆದು ಸುಮ್ಮನಾದಳು. ಫೋನು ಸದ್ದು ಮಾಡಿದಾಗಲೆಲ್ಲ ಗಿರಾಕಿಯನ್ನು ಬಿಟ್ಟು ಗುಂಪು ತೆರೆದು ನೋಡುತ್ತಿದ್ದಳು. ಬಸದಿಗೆ ಹೋದಾಗ ಹೆಂಗಸರು ಮಾತು ನಿಲ್ಲಿಸಿದರೋ, ಅಥವಾ ಹಾಗೆ ತನಗೆ ಕಂಡದ್ದೋ, ಗೊತ್ತಾಗಲಿಲ್ಲ. ಶನಿವಾರ ಮಧ್ಯಾಹ್ನ ದುಡ್ಡು ಖಾತೆಗೆ ಬಿತ್ತು. ಪತ್ರವೂ ಕೈಸೇರಿತು.

ಭಾನುವಾರ ಬಸದಿಯ ಜಗಲಿಯಲ್ಲಿ ಎಲ್ಲರೂ ಸೇರಿದಾಗ ಅಕ್ಕ ಬ್ಯಾಂಕಿನ ಪತ್ರವನ್ನು ನಿಂತುಕೊಂಡೇ ಓದಿದಳು. ಸಾಲ ಇರಲಿಲ್ಲವೆಂಬ ಸಾಲು ಬಂದಾಗ ಮುನಿರಾಜಣ್ಣ ತಲೆ ತಗ್ಗಿಸಿದರು.

ಆದೀಶ್ ಕೇಳಿಯೇಬಿಟ್ಟ. "ಹಾಗಾದರೆ ಹದಿಮೂರು ಸಾವಿರದ ನೂರ ಇಪ್ಪತ್ತೈದು ಹೋದದ್ದು ಹೋಯಿತಾ?"

"ಹೋಯಿತು. ಠೇವಣಿ ಮುರಿದದ್ದಕ್ಕೆ ಕೊಟ್ಟ ಬೆಲೆ ಅದು. ಎಷ್ಟು ಹೋಗ್ತದೆ ಅಂತ ಮುರಿಯುವ ಮೊದಲು ನಾನು ಬ್ಯಾಂಕಿನಲ್ಲಿ ಕೇಳಬೇಕಿತ್ತು, ಕೇಳಲಿಲ್ಲ. ನೀವು ಹನ್ನೊಂದು ಜನವೂ ಕೇಳಲಿಲ್ಲ. ತೊಲೆ ಬೀಳ್ತದೆ ಅಂತ ಎಲ್ಲರಿಗೂ ಹೆದರಿಕೆ ಆಗಿತ್ತು."

ಮುನಿರಾಜಣ್ಣ, ಕೋಶಾಧಿಕಾರಿಯ ಲೆಕ್ಕ ಒಪ್ಪಿದ್ದೇವೆ ಎಂದು ನಡಾವಳಿಯಲ್ಲಿ ಬರೆಯಲು ಹೇಳಿದರು. ಈ ಸಲ ಬರೆದದ್ದನ್ನು ಪೂರ್ತಿ ಓದಿಸಿಕೊಂಡು ಸಹಿ ಹಾಕಿದರು. ತುಕ್ರಪ್ಪನಿಗೆ ಮುಂಗಡದ ಚೆಕ್ಕೂ ಅಲ್ಲೇ ಆಯಿತು.

ಸಭೆ ಮುಗಿದ ಮೇಲೆ ಆದೀಶ್ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅಕ್ಕನ ಹತ್ತಿರ ಬಂದ. "ಬೇಜಾರು ಮಾಡಬೇಡಿ ಅಕ್ಕ. ನಾನು ಸಂಶಯದಿಂದ ಕೇಳಿದ್ದಲ್ಲ."

"ಸಂಶಯದಿಂದಲೇ ಕೇಳಿದ್ದು ಆದೀಶ. ಕೇಳಿದ್ದು ತಪ್ಪಲ್ಲ, ಬಸದಿಯ ದುಡ್ಡು. ಎಲ್ಲರ ಎದುರು ಹಾಕುವ ಮೊದಲು ನನಗೊಂದು ಫೋನು ಮಾಡಬಹುದಿತ್ತು."

ಅಕ್ಕ ಮೆಟ್ಟಿಲಿಳಿದು ರಸ್ತೆಗೆ ಬಂದಳು. ಐದಾರು ದಿನಗಳಿಂದ ಇಲ್ಲದ ಹಸಿವು ಆಗಲೇ ಕಾಣಿಸಿಕೊಂಡಿತು.