ಗಿರಿಜಾಳಿಗೆ ಅಕ್ಕ ತುಂಬಿಕೊಟ್ಟ ಕ್ಯಾಸೆಟ್

ಸಿಂಧನೂರಿನ ಗುಜರಿ ಅಂಗಡಿಯಲ್ಲಿ ಇವತ್ತು ಹಳೆಯ ಟೇಪ್ ರೆಕಾರ್ಡರ್ ಕಂಡೆ. ತಾಯಿಯನ್ನು ಕಳೆದುಕೊಂಡ ಮಸ್ಕಿಯ ತನ್ನ ಗೆಳತಿ ಗಿರಿಜಾಳಿಗೆಂದು ನನ್ನಕ್ಕ ಹಾಡಿನ ಕ್ಯಾಸೆಟ್ ಮಾಡಿದ್ದು ಅಂಥದ್ದರಲ್ಲೇ. ರೇಡಿಯೊದಲ್ಲಿ ಸಮಾಧಾನದ ಹಾಡು ಬಂದರೆ ರೆಕಾರ್ಡ್ ಮಾಡಲು ಎರಡು ಗುಂಡಿ ಒಟ್ಟಿಗೆ ಒತ್ತುವಳು, ಜಾಹೀರಾತು ಬಂದೊಡನೆ ನಿಲ್ಲಿಸುವಳು. ಶುರುವಿನಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಕೊನೆಗೆ ತನ್ನ ಮಾತು ತುಂಬಿದಳು.

“ಗಿರಿಜಾ, ಅಳು ಬಂದ್ರ ಈ ಬಾಜೂ ಕೇಳು. ಅತ್ತು ಮುಗದ ಮ್ಯಾಲ ತಿರುವಿ ಹಾಕು.”

ನನಗೆ ಹೊಟ್ಟೆ ಉರಿಯಿತು. ನಡುವೆಯೇ ಬಾಯಿ ಹಾಕಿದೆ. “ನನಗ್ಯಾಕ ಮಾಡಿಕೊಡಂಗಿಲ್ಲ ನೀ?”

“ನಿನಗ ನಾನಽ ಅದೀನಲ್ಲಲೇ.”

ಅದೂ ಟೇಪಿಗೆ ಸೇರಿತು. ಯಾರೂ ಅಳಿಸಬಾರದೆಂದು ಕ್ಯಾಸೆಟ್ಟಿನ ಅಂಚಿನ ಪ್ಲಾಸ್ಟಿಕ್ ತುಣುಕು ಮುರಿದು, ಅಕ್ಕ ಕೊಟ್ಟುಬಿಟ್ಟಳು.

ಅಕ್ಕ ಈಗಿಲ್ಲ. ಆ ಮಾತು ಹೇಳಿದ್ದು ನನಗೆ, ಇರುವುದು ಗಿರಿಜಾಳ ಮನೆಯಲ್ಲಿ.