ಕತ್ತರಿಯ ಒಂದೇ ಶಾಟ್

ನಮ್ಮ ಗೆಳತಿಗೆ ಕತ್ತರಿ ಎಂದು ಹೆಸರಿಟ್ಟವನು ನಾನೇ. ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಅಳುವ ಮದುಮಗಳ ಪಕ್ಕದಲ್ಲಿ ಮಾವ ಆಕಳಿಸುತ್ತಿದ್ದರೆ ಮಾವನನ್ನು ಮಾಯ ಮಾಡುತ್ತಾಳೆ. ಇಡೀ ದಿನ ಮುಖ ಗಂಟಿಕ್ಕಿಕೊಂಡಿದ್ದ ಬೀಗರು ಎಲ್ಲೋ ಅರೆಗಳಿಗೆ ನಕ್ಕಿದ್ದನ್ನು ಹುಡುಕಿ ತೆಗೆದು ಅವರನ್ನೂ ಒಳ್ಳೆಯವರನ್ನಾಗಿಸುತ್ತಾಳೆ. ಕಿಟಕಿಯಿಲ್ಲದ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕೂತು ಕಂಡವರ ಸಂತೋಷವನ್ನೆಲ್ಲ ತಿದ್ದೀ ತಿದ್ದೀ ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಈಗ ಆ ಕೋಣೆಗೂ ಸಂಚಕಾರ ಬಂದಿತ್ತು. ಸ್ಟುಡಿಯೋ ಮುಚ್ಚಿ ಮೊಬೈಲ್ ಅಂಗಡಿ ಇಡುತ್ತೇನೆಂದು ಮಾಲೀಕ ಹೇಳಿಬಿಟ್ಟಿದ್ದ. ಉಳಿದದ್ದು ಒಂದೇ ದಾರಿ. ಸಿನಿಮಾ ಮಾಡುವ ಒಬ್ಬ ಹಿರಿಯಮ್ಮನಿಗೆ ಸಹಾಯಕಿ ಬೇಕಾಗಿದ್ದರು. ಅವರು ಇವಳ ಕೆಲಸ ನೋಡಿ, "ಕತ್ತರಿಸೋಕೆ ಬರುತ್ತೆ, ಸರಿ. ಜನರ ಕೈಲಿ ಮಾಡಿಸೋಕೆ ಬರುತ್ತಾ? ನಟರಲ್ಲದವರನ್ನ ಹಾಕ್ಕೊಂಡು ಒಂದು ಕಿರುಚಿತ್ರ ಮಾಡಿ ಕಳಿಸಿ. ಮುಖ್ಯ ದೃಶ್ಯದಲ್ಲಿ ಮಾತ್ರ ಒಂದೂ ಕಟ್ ಇರಬಾರದು" ಎಂದಿದ್ದರು. ಈಜು ಬಲ್ಲವಳಿಗೆ ಮರ ಹತ್ತು ಅಂದ ಹಾಗಾಯಿತು. ಸೋಮವಾರ ಕೊನೆಯ ದಿನ.

ನಟರಲ್ಲದವರು ಎಂದರೆ ನಾವೇ, ಶಾಲೆಯಲ್ಲಿ ಒಟ್ಟಿಗೆ ಓದಿದವರು. ಔಷಧಿ ಅಂಗಡಿ ಇಟ್ಟಿರುವ ಗೆಳೆಯನಿಗೆ ಅಣ್ಣನ ಪಾತ್ರ. ಅವನನ್ನು ನಾವು ಮಾತ್ರೆ ಅನ್ನುತ್ತೇವೆ. ಬ್ಯೂಟಿ ಪಾರ್ಲರ್ ನಡೆಸುವವಳಿಗೆ ತಂಗಿಯ ಪಾತ್ರ. ಫ್ಯಾನು, ಮಿಕ್ಸಿ ರಿಪೇರಿ ಮಾಡುವ ನನ್ನ ಕೈಗೆ ಪೊರಕೆ ಕೋಲಿಗೆ ಕಟ್ಟಿದ ಮೈಕು. ನನ್ನ ಮುಖ ಪರದೆಗೆ ಬೇಡವಂತೆ. ಇರಲಿ.

ದೃಶ್ಯ ಚಿಕ್ಕದು. ಅಣ್ಣ ಮನೆ ಬಿಟ್ಟು ಹೋಗುವುದನ್ನು ತಂಗಿಗೆ ತಿಳಿಸಬೇಕು, ಅಷ್ಟೆ. ಪಾರ್ಲರಿನವಳ ಮನೆಯ ಮುಂದಿನ ಕೋಣೆಯಲ್ಲಿ ತಾಲೀಮು ಶುರುವಾಯಿತು. ಮೊದಲು ಚಾಪೆಯ ಮೇಲೆ ಕೂತು ಓದು. "ಆ್ಯಕ್ಟಿಂಗ್ ಬೇಡ. ದಿನಸಿ ಚೀಟಿ ಓದೋ ಹಾಗೆ ಓದಿ" ಎಂದಳು ಕತ್ತರಿ. ಆಮೇಲೆ ಎದ್ದು ನಿಂತು ನಡೆಯುವುದು. ಬಾಗಿಲಿಂದ ಬಾ, ಮೇಜಿನ ಹತ್ತಿರ ನಿಲ್ಲು, ಕೊನೆಗೆ ಕಿಟಕಿಗೆ ಹೋಗು. ನೆಲಕ್ಕೆ ಬಣ್ಣದ ಟೇಪ್ ಅಂಟಿಸಿದ್ದಳು. ಮಾತ್ರೆ ಬಿದ್ದುಹೋದ ಕಾಸು ಹುಡುಕುವವನಂತೆ ನೆಲ ನೋಡುತ್ತಾ ಬಂದು, ಗುರುತಿನ ಮೇಲೆ ನಿಂತು, ತಂಗಿಯನ್ನು ಕ್ಯಾಮೆರಾದಿಂದ ಪೂರ್ತಿ ಮುಚ್ಚಿಬಿಟ್ಟ.

ಕತ್ತರಿ ಟೇಪನ್ನೆಲ್ಲ ಕಿತ್ತು ಬಿಸಾಕಿದಳು. ಮೇಜಿನ ಈಚೆ ಪಕ್ಕಕ್ಕೆ ಒಂದು ಸ್ಟೂಲ್ ಇಟ್ಟು, "ಮೊಣಕಾಲಿಗೆ ಸ್ಟೂಲ್ ತಾಗಿದ್ರೆ ನಿಲ್ಲು. ನೆಲ ನೋಡಬೇಡ, ಅವಳನ್ನ ನೋಡು" ಎಂದಳು. ಆಗ ಇಬ್ಬರೂ ಕ್ಯಾಮೆರಾಕ್ಕೆ ಚೆನ್ನಾಗಿ ಕಂಡರು. ಆದರೆ ಬಾಯಿ ಬಿಟ್ಟರೆ ಮುಗಿಯಿತು. "ನಾನು. ಈ ಮನೆಯನ್ನು. ಬಿಟ್ಟು ಹೋಗುತ್ತಿದ್ದೇನೆ." ರೈಲು ಹೊರಡುವುದನ್ನು ನಿಲ್ದಾಣದಲ್ಲಿ ಕೂಗಿ ಹೇಳುವವರೇ ಎಷ್ಟೋ ವಾಸಿ.

"ನಿನ್ನ ಮಾತಲ್ಲೇ ಹೇಳೋ ಮಾರಾಯ" ಎಂದಳು ಕತ್ತರಿ. ಕೈ ಖಾಲಿಯಿದ್ದರೆ ನಾಲಿಗೆ ಮರಗಟ್ಟುತ್ತದೆಂದು ಅವಳಿಗೆ ಹೊಳೆಯಿತು. ಪಾರ್ಲರಿನವಳಿಗೆ ಮಡಚಲು ಬಟ್ಟೆಯ ರಾಶಿ ಕೊಟ್ಟಳು. ಮಾತ್ರೆಗೆ ಅವನದೇ ಕೆಲಸ: ಕಥೆಯಲ್ಲಿನ ಅಪ್ಪನ ಮಾತ್ರೆಗಳನ್ನು ಹೊತ್ತಿಗೊಂದರಂತೆ ಬೇರೆ ಮಾಡಿ ಡಬ್ಬಿಗೆ ತುಂಬುವುದು. ಅವನ ಬೆರಳುಗಳು ತಾವಾಗಿಯೇ ಓಡಿದವು, ಭುಜ ಇಳಿಯಿತು, ದನಿಯೂ ಸ್ವಲ್ಪ ಮನುಷ್ಯರ ದನಿಯಾಯಿತು. ನಮಗೆಲ್ಲ ಜೀವ ಬಂತು.

ಆ ಜೀವವನ್ನು ತೆಗೆದವರೂ ಅವರಿಬ್ಬರೇ. ಕತ್ತರಿಯ ಬದುಕಿನ ಪ್ರಶ್ನೆ ಎಂದು ಇಬ್ಬರೂ ವಾರವಿಡೀ ಅವಳಿಗೆ ತಿಳಿಯದಂತೆ ಫೋನಿನಲ್ಲಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಭಾನುವಾರ ಕ್ಯಾಮೆರಾ ಇಟ್ಟಾಗ ನೋಡಿದರೆ ಅಣ್ಣ ಮಾತಾಡುವಾಗ ತಂಗಿಯ ತುಟಿಯೂ ಅಲುಗುತ್ತಿತ್ತು! ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹಾಜರ್. ಕೇಳಿಸಿಕೊಳ್ಳುವವರೇ ಇಲ್ಲ. ಪ್ರೀತಿಯಿಂದ ಮಾಡಿದ್ದನ್ನು ಬೈಯುವುದಾದರೂ ಹೇಗೆ? ನಾನಾಗಿದ್ದರೆ ಬೈಯುತ್ತಿದ್ದೆ.

ಮಧ್ಯಾಹ್ನ ಕಳೆಯಿತು. ಮತ್ತೆ, ಮತ್ತೆ, ಇನ್ನೊಂದು ಸಲ. ಕಿಟಕಿಯ ಬೆಳಕು ಗೋಡೆಯ ಮೇಲೆ ಏರತೊಡಗಿತು. ನಾನು ಮೈಕಿನ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ. ಕತ್ತರಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತಳು. ನೀರಿನ ಸದ್ದಿನ ಹಿಂದೆ ಅವಳು ಬಿಕ್ಕುತ್ತಿದ್ದುದು ನನ್ನ ಹೆಡ್‌ಫೋನಿಗೆ ಕೇಳಿಸಿತು. ಇವಳ ಕಡೆಯ ಅವಕಾಶ ನಮ್ಮಂಥ ದಂಡಪಿಂಡಗಳ ಕೈಯಲ್ಲಿ ಸಾಯುತ್ತಿತ್ತು.

ಅವಳು ಮುಖ ಒರೆಸಿಕೊಂಡು ಬಂದು ಪಾರ್ಲರಿನವಳನ್ನು ಮೂಲೆಗೆ ಕರೆದು ಏನೋ ಪಿಸುಗುಟ್ಟಿದಳು. ಆಮೇಲೆ ಕ್ಯಾಮೆರಾ ಚಾಲೂ ಮಾಡಿ, "ರೋಲಿಂಗ್" ಎಂದಳು.

ಮಾತ್ರೆ ಬಂದ, ಮೊಣಕಾಲು ಸ್ಟೂಲಿಗೆ ತಾಗಿತು, ನಿಂತ, ಕೈ ಕೆಲಸಕ್ಕೆ ತೊಡಗಿತು. ತಂಗಿ ಬರೆದಿದ್ದ ಮಾತು ಬಿಟ್ಟು, ಬಟ್ಟೆ ಮಡಚುತ್ತಲೇ ಕೇಳಿದಳು: "ದಿನಾ ರಾತ್ರಿ ಇಷ್ಟು ಹೊತ್ತಿನವರೆಗೂ ಎಲ್ಲಿರ್ತೀಯ?"

ಅವನ ಬೆರಳು ನಿಂತಿತು. ಬಾಯಿಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವಳನ್ನು ನೋಡಿದ. ಮತ್ತೆ ಒಂದು ಮಾತ್ರೆ ಡಬ್ಬಿಗೆ ಹಾಕಿದ.

"ಅಂಗಡೀಲೇ," ಎಂದ ಮೆಲ್ಲಗೆ. "ಶಟರ್ ಎಳ್ಕೊಂಡು ಒಳಗೇ ಕೂತಿರ್ತೀನಿ. ಕೆಲಸ ಏನೂ ಇರಲ್ಲ. ಮನೆಗೆ ಹೋಗೋಕೆ ಮನಸ್ಸೇ ಬರಲ್ಲ. ಹೋದ್ರೆ ಗಂಡ ಹೆಂಡ್ತಿ ಇಬ್ರಿಗೂ ಮಾತಿಲ್ಲ. ಜಗಳವಾದ್ರೂ ಇದ್ದಿದ್ರೆ ಚೆನ್ನಾಗಿತ್ತು."

ತಂಗಿಯ ಕೈಯಲ್ಲಿ ಅರೆ ಮಡಚಿದ ಅಂಗಿ ಹಾಗೇ ಉಳಿಯಿತು. ಅವನು ಕಿಟಕಿಗೆ ಹೋದ, ಹೇಳಿಕೊಟ್ಟ ಜಾಗಕ್ಕೆ, ಯಾರೂ ಹೇಳಿಕೊಡದ ನಡಿಗೆಯಲ್ಲಿ. ನಾನು ಮೈಕನ್ನು ಅವನ ಹಿಂದೆಯೇ ಚಾಚಿದೆ. ಕತ್ತರಿ ಬಹಳ ಹೊತ್ತು ಕಟ್ ಹೇಳಲಿಲ್ಲ.

ಹೇಳಿದ ಮೇಲೆ ಮಾತ್ರೆ ಹಣೆ ಚಚ್ಚಿಕೊಂಡ. "ಅಯ್ಯೋ, ಕೆಡಿಸಿಬಿಟ್ಟೆ! ಡೈಲಾಗ್ ಮರೆತೋಯ್ತು ಕಣೇ, ಏನೇನೋ ಒದರಿಬಿಟ್ಟೆ." ಆಮೇಲೆ ಅವನ ಮುಖ ಇಳಿಯಿತು. "ಅದನ್ನ ಅಳಿಸಿಬಿಡು, ದಮ್ಮಯ್ಯ. ನನ್ನ ಹೆಂಡ್ತಿ ದಿನಾ ಕೇಳೋದು ಇದೊಂದೇ, ಸಿನಿಮಾ ಯಾವಾಗ ತೋರಿಸ್ತೀರ ಅಂತ. ಈಗ ನೋಡು, ಸರಿಯಾಗಿ ಮಾಡ್ತೀನಿ."

ಸರಿಯಾಗಿ ಮಾಡಿದ. ಒಂದಕ್ಷರ ತಪ್ಪಲಿಲ್ಲ. ಅಷ್ಟರಲ್ಲಿ ಕಿಟಕಿಯ ಬೆಳಕೂ ಹೋಯಿತು.

ಅವರಿಬ್ಬರೂ ಚಹಾ ತರಲು ಹೋದಾಗ, ಕೊನೆಯದನ್ನೇ ಕಳಿಸುತ್ತೇನೆಂದ ಕತ್ತರಿಯ ಮೇಲೆ ನಾನು ಹರಿಹಾಯ್ದೆ. "ಹುಚ್ಚಾ ನಿನಗೆ? ಅದರ ಹಿಂದಿನ ಶಾಟ್ ಕಳಿಸು. ಆ ಹಿರಿಯಮ್ಮನಿಗೆ ಒಂದು, ಅವನ ಹೆಂಡತಿಗೆ ತೋರಿಸೋಕೆ ಇನ್ನೊಂದು."

"ಸಿನಿಮಾ ಮಾಡೋದೇ ಜನ ನೋಡ್ಲಿ ಅಂತ. ಇವತ್ತಲ್ಲ ನಾಳೆ ಅವಳ ಕಣ್ಣಿಗೂ ಬೀಳುತ್ತೆ" ಎಂದಳು.

"ಆ ಮಾತು ಮಾತ್ರ ತೆಗೆದುಬಿಡು ಹಾಗಾದ್ರೆ!"

"ಕಟ್ ಇರಬಾರದು ಅಂದಿದ್ದಾರಲ್ಲ." ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ನಾನೇ ಅವನ ಬಾಯಿ ಬಿಡಿಸಿದ್ದು ಕಣೋ. ಪ್ರಶ್ನೆ ನಂದು. ನಂಬಿ ಬಾಯಿ ಬಿಟ್ಟ."

ನನ್ನ ಹೆಡ್‌ಫೋನ್ ಕಿತ್ತುಕೊಂಡು ಹಾಕಿಕೊಂಡಳು. ಆ ಶಾಟನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ನೋಡಿ ಅಳಿಸಿದಳು. ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ. ಅವಳು ಬೈಸಿಕೊಂಡಳು.

ಹಿರಿಯಮ್ಮನ ಉತ್ತರ ಚುಟುಕಾಗಿತ್ತು: ನಿಲ್ಲಿಸುವುದು, ನಡೆಸುವುದು ಗೊತ್ತಿದೆ, ಮಾತಾಡಿಸುವುದು ಗೊತ್ತಿಲ್ಲ. ಕೆಲಸ ಬೇರೆಯವರಿಗೆ ಹೋಯಿತು. ಸ್ಟುಡಿಯೋ ಮೊಬೈಲ್ ಅಂಗಡಿಯಾಯಿತು. ಕತ್ತರಿ ಈಗ ಅಲ್ಲೇ ಗಾಜಿನ ಕೌಂಟರಿನ ಹಿಂದೆ ನಿಂತು ಕಂಡವರ ಫೋನುಗಳಿಗೆ ಸ್ಕ್ರೀನ್ ಗಾರ್ಡ್ ಅಂಟಿಸುತ್ತಾಳೆ.

ಮೊನ್ನೆ ನಾನೂ ಅಲ್ಲಿದ್ದೆ. ಮಾತ್ರೆ ಹೆಂಡತಿಯನ್ನು ಕರೆದುಕೊಂಡು ಬಂದ. ಹೊಸ ಕವರ್ ಬೇಕಂತೆ. ಅವನ ಫೋನಿನಲ್ಲಿ ನಮ್ಮ ಸಿನಿಮಾ ಇನ್ನೂ ಇದೆ, ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಾನೆ. "ಇವರಿಗೆ ಇಷ್ಟು ಮಾತಾಡೋಕೆ ಬರುತ್ತೆ ಅಂತ ಸಿನಿಮಾ ನೋಡಿದ ಮೇಲೇ ನನಗೆ ಗೊತ್ತಾಗಿದ್ದು" ಎಂದು ಹೆಂಡತಿ ನಕ್ಕಳು. ಅವನೂ ಹೆಮ್ಮೆಯಿಂದ ನಕ್ಕ.

ಅವಳು ಕವರ್ ಆರಿಸುತ್ತಿದ್ದಾಗ ಅವನು ಕೌಂಟರಿಗೆ ಬಾಗಿ, "ಅವತ್ತು ಡೈಲಾಗ್ ಮರೆತು ಕೆಡಿಸಿದ್ನಲ್ಲ, ಅದನ್ನ ಅಳಿಸಿದೆ ತಾನೇ?" ಎಂದ.

"ಅವತ್ತೇ ಅಳಿಸಿದೆ ಕಣೋ" ಎಂದಳು ಕತ್ತರಿ, ಸ್ಕ್ರೀನ್ ಗಾರ್ಡಿನ ಅಡಿಯ ಗಾಳಿಗುಳ್ಳೆಗಳನ್ನು ಬೆರಳಿನಿಂದ ಅಂಚಿಗೆ ಒತ್ತುತ್ತಾ. "ತುಂಬ ಕೆಟ್ಟದಾಗಿ ಬಂದಿತ್ತು."