ಎರಡು ಬೀಗದ ಸಂಸಾರ

ನನಗೆ ಅನುಮಾನ ಜಾಸ್ತಿ ಎಂದು ನಮ್ಮವರು ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಹೇಳಲಿ ಬಿಡಿ. ದೇಶದ ರಾಜಧಾನಿಯ ಈ ಜನಕಪುರಿಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳು ಅನುಮಾನಪಡದಿದ್ದರೆ ಮನೆ ನಡೆಯುತ್ತದೆಯೇ? ಟೊಮೆಟೊ ತೂಗುವಾಗ ತರಕಾರಿ ಮಾರುವ ಭಯ್ಯಾನ ಹೆಬ್ಬೆರಳು ಎಲ್ಲಿದೆ ಎಂದು ನೋಡದೆ ನಾನು ಪರ್ಸಿಗೆ ಕೈ ಹಾಕಿದವಳಲ್ಲ. ಶಾಲೆಯಲ್ಲಿ ಹನ್ನೊಂದನೇ ತರಗತಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಮಕ್ಕಳು ಉತ್ತರ ಸರಿ ಬರೆದರೂ ಪಕ್ಕದವನದು ನೋಡಿ ಬರೆದರೇನೋ ಎಂದು ಎರಡು ಸಲ ನೋಡುತ್ತಿದ್ದೆ.

ಇನ್ನು ನಮ್ಮವರು. ಕೇಂದ್ರ ಸರಕಾರದ ಖಜಾನೆ ಲೆಕ್ಕದಲ್ಲಿ ಜೀವನ ಸವೆಸಿದವರು. ಅವರ ಅನುಮಾನಕ್ಕೆ ಸರಕಾರದ ಮೊಹರೇ ಇತ್ತು. ಖಜಾನೆಯ ಭದ್ರ ಕೋಣೆಗೆ ಎರಡು ಬೀಗ, ಎರಡು ಕೀಲಿ, ಇಬ್ಬರು ಅಧಿಕಾರಿಗಳು. ಒಬ್ಬರ ಕೀಲಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಿವೃತ್ತಿಯಾಗಿ ಬಂದ ದುಡ್ಡನ್ನು ಷೇರಿಗೆ ಹಾಕೋಣ ಎಂದು ಹೊರಟಾಗ ಈ ಮಹಾನುಭಾವರು ಅದೇ ಪದ್ಧತಿಯನ್ನು ಮನೆಗೆ ತಂದರು. ದುಡ್ಡು ಅರ್ಧ ಅವರಿಗೆ, ಅರ್ಧ ನನಗೆ. ಇಬ್ಬರಿಗೂ ಷೇರು ಇಡಲು ಬೇರೆ ಬೇರೆ ಡಿಮ್ಯಾಟ್ ಖಾತೆ, ಬೇರೆ ಬೇರೆ ಪಾಸ್‌ವರ್ಡ್. ಏನು ಕೊಂಡಿರಿ, ಏನು ಮಾರಿದಿರಿ ಎಂದು ಒಬ್ಬರನ್ನೊಬ್ಬರು ಕೇಳಕೂಡದು.

"ನೋಡು, ನಿನ್ನ ಬುದ್ಧಿ ನಿನಗೆ, ನನ್ನ ಬುದ್ಧಿ ನನಗೆ. ಒಬ್ಬರು ಮುಳುಗಿದರೂ ಇನ್ನೊಬ್ಬರು ತೇಲ್ತೀವಿ," ಅಂದರು.

"ಮುಳುಗೋರು ಯಾರು ಅಂತ ಗೊತ್ತಿದೆ ಬಿಡಿ," ಅಂದೆ ನಾನು.

ತಮಾಷೆಯ ದುಡ್ಡಲ್ಲ ಅದು. ನಮ್ಮ ಒಬ್ಬಳೇ ಮಗಳು ಫಿಸಿಯೋಥೆರಪಿ ಕಲಿತವಳು. ಆಸ್ಪತ್ರೆಯಲ್ಲಿ ದಿನವಿಡೀ ಬೇರೆಯವರ ಮೊಣಕಾಲು ತಿಕ್ಕಿ ಸಾಕಾಗಿ, ಊರಿನ ಇನ್ನೊಂದು ಕಡೆಯ ಪೀತಮ್‌ಪುರದಲ್ಲಿ ತನ್ನದೇ ಒಂದು ಸಣ್ಣ ಕ್ಲಿನಿಕ್ ತೆರೆಯಬೇಕೆಂದು ಕನಸು ಕಾಣುತ್ತಿದ್ದಳು. ನೆಲಮಹಡಿಯ ಅಂಗಡಿಯೊಂದು ನೋಡಿಯೂ ಆಗಿತ್ತು. ಮುದುಕರಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ ಎಂದು ಅವಳಿಗೆ ಅದರ ಮೇಲೆಯೇ ಮನಸ್ಸು. ಅಂಗಡಿಯ ಮಾಲೀಕರು ದೀಪಾವಳಿ ಕಳೆದ ಮೇಲೆ ಠೇವಣಿ ಕೊಟ್ಟರೆ ಸಾಕು ಎಂದಿದ್ದರು. ಠೇವಣಿ ನಮ್ಮದು, ಮಷೀನುಗಳು ಅವಳ ಸಂಬಳದ ಉಳಿತಾಯದಿಂದ. ಹಾಗೆಂದು ಮಾತಾಗಿತ್ತು.

ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ನನಗೆ ಒಂದು ವಿಚಿತ್ರ ಕಾಣತೊಡಗಿತು. ನನ್ನ ಖಾತೆ ಲಾಭ ತೋರಿಸಿ ಹಸಿರಾದ ದಿನ ಇವರು ಸಂಜೆ ಮಾರ್ಕೆಟ್ಟಿಗೆ ಹೋಗಿ ಜಿಲೇಬಿ ತರುತ್ತಿದ್ದರು. ನನ್ನದು ಕೆಂಪಾದ ದಿನ ಸಾರಿಗೆ ಉಪ್ಪು ಜಾಸ್ತಿ, ಫ್ಯಾನಿನ ಸದ್ದು ಜಾಸ್ತಿ, ಪಕ್ಕದ ಮನೆಯವರ ನಾಯಿಯ ಕೊಬ್ಬು ಜಾಸ್ತಿ. ಒಂದು ಸಲ ಆದರೆ ಕಾಕತಾಳೀಯ ಎನ್ನಬಹುದು. ಪ್ರತಿ ಸಲವೂ ಹೀಗೆಯೇ ಆದರೆ?

ಈ ಮನುಷ್ಯ ಕದ್ದು ನನ್ನ ಖಾತೆ ನೋಡುತ್ತಿದ್ದಾನೆ! ನಿಯಮ ಮಾಡಿದವರೇ ನಿಯಮ ಮುರಿಯುವುದು ಎಂದರೆ ಏನರ್ಥ? ಪಾಸ್‌ವರ್ಡ್ ಬದಲಿಸಿದೆ. ಮಾರನೆಯ ದಿನ ನನ್ನದು ಏರಿತು, ಸಂಜೆ ಮೇಜಿನ ಮೇಲೆ ಜಿಲೇಬಿ. ಮತ್ತೆ ಬದಲಿಸಿದೆ. ಫೋನನ್ನು ಸ್ನಾನದ ಮನೆಗೂ ಒಯ್ಯತೊಡಗಿದೆ. ಆಮೇಲೆ ಒಂದು ದಿನ ನನ್ನದು ದಬಕ್ಕನೆ ಬಿತ್ತು. ಹೊರಗೆ ಬಂದು ನೋಡಿದರೆ ಇವರು ಬಾಲ್ಕನಿಯಲ್ಲಿ ಮುಖ ಇಳಿಬಿಟ್ಟು ಕೂತಿದ್ದಾರೆ, ಚಹಾ ಆರಿ ಕೆನೆಕಟ್ಟಿದೆ.

ಇನ್ನು ತಡೆಯಲಾಗಲಿಲ್ಲ. "ರೀ, ನಾಚಿಕೆ ಆಗಲ್ವಾ ನಿಮಗೆ? ಹೆಂಡತಿ ಫೋನ್ ಕದ್ದು ನೋಡ್ತೀರಲ್ಲ!"

ಅವರು ಚಕ್ಕನೆ ತಿರುಗಿದರು. "ನಾನು ನೋಡ್ತೀನಾ? ನೀನು ನನ್ನದು ನೋಡ್ತಿದ್ದೀಯ ಅಂತ ನಾನು ತಿಂಗಳಿಂದ ಬಾಯಿ ಮುಚ್ಕೊಂಡಿದ್ದೀನಿ! ನನಗೆ ಲಾಸ್ ಆದ ದಿನವೇ ನೀನು ಪಾತ್ರೆ ಕುಕ್ಕೋದು, ಮುಖ ಊದಿಸ್ಕೊಳ್ಳೋದು. ಲಾಭ ಆದ ದಿನ ಗುನುಗುನು ಹಾಡು. ನನಗೇನು ಗೊತ್ತಾಗಲ್ಲ ಅಂದ್ಕೊಂಡಿದ್ದೀಯಾ?"

ಯಾರು ಯಾರದನ್ನು ನೋಡಿದ್ದು ಎಂದು ಮತ್ತಷ್ಟು ಜಗಳವಾಡಿದೆವು. ಕೊನೆಗೆ ಎರಡು ಫೋನುಗಳನ್ನೂ ಮೇಜಿನ ಮೇಲಿಟ್ಟು, ಮದುವೆಯಾದ ಹೊಸದರಲ್ಲೂ ಇಲ್ಲದ ಸಂಕೋಚದಿಂದ, ತೆರೆದು ತೋರಿಸಿಕೊಂಡೆವು.

ಅವರ ಬಳಿ ಹೆಚ್ಚಾಗಿ ಇದ್ದುದು ಒಂದು ಖಾಸಗಿ ಬ್ಯಾಂಕು, ಒಂದು ಬಿಲ್ಡರ್ ಕಂಪನಿ. ನನ್ನ ಬಳಿ ಮನೆಸಾಲ ಕೊಡುವ ಕಂಪನಿಯೊಂದು, ಕಾರು ಮಾಡುವ ಕಂಪನಿಯೊಂದು. ಒಂದು ಹೆಸರೂ ಒಂದೇ ಅಲ್ಲ. ಇವರಿಗೆ ಹೋದ ಜೀವ ಬಂದ ಹಾಗಾಯಿತು.

"ಅಚ್ಛಾ! ನೋಡಿದೆಯಾ? ನಿಂದೇ ಬೇರೆ, ನಂದೇ ಬೇರೆ. ನಾಲ್ಕು ಕಂಪನಿ. ನಮ್ಮ ಪದ್ಧತಿ ಸರಿಯಾಗೇ ಇದೆ. ಸುಮ್ನೆ ಅನುಮಾನ ನಿಂದು."

ಅನುಮಾನ ಹಾಗೆಲ್ಲ ಸುಮ್ಮನೆ ಹೋಗುವ ಸ್ವಭಾವದ್ದಲ್ಲ. ಹೆಸರು ಬೇರೆಯಾದರೆ ನನ್ನ ಲಾಭದ ದಿನವೇ ಜಿಲೇಬಿ ಯಾಕೆ ಬರುತ್ತಿತ್ತು? ಇವರು ಮಧ್ಯಾಹ್ನ ಮಲಗಿದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದೆ. ನಾಲ್ಕೂ ಷೇರುಗಳ ಒಂದು ವರ್ಷದ ಬೆಲೆ ಇಳಿಸಿಕೊಂಡೆ. ಬೆಲೆಯನ್ನೇ ಹೋಲಿಸಿದರೆ ಮೋಸ ಹೋಗುತ್ತೇವೆ. ಏರುವ ಮಾರುಕಟ್ಟೆಯಲ್ಲಿ ಎಲ್ಲ ಬೆಲೆಯೂ ಏರಿದ ಹಾಗೆಯೇ ಕಾಣುತ್ತದೆ. ಅದಕ್ಕೆ ದಿನದಿನಕ್ಕೆ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ತೆಗೆದು, ಅವುಗಳ ಸಹಸಂಬಂಧ ಲೆಕ್ಕ ಹಾಕಿದೆ. ಎರಡು ವಸ್ತುಗಳು ಸದಾ ಜೊತೆಜೊತೆಗೇ ಏರಿಳಿದರೆ ಉತ್ತರ ಒಂದು. ಒಂದಕ್ಕೊಂದು ಸಂಬಂಧವೇ ಕಾಣದಿದ್ದರೆ ಸೊನ್ನೆಯ ಹತ್ತಿರ. ಒಂದು ಏರಿದಾಗಲೆಲ್ಲ ಇನ್ನೊಂದು ಇಳಿದರೆ ಋಣ ಒಂದು. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬರೆದ ಪಾಠ. ನಮ್ಮ ಮನೆಯ ದುಡ್ಡಿಗೆ ಅದನ್ನು ಹಚ್ಚಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ ನೋಡಿ!

ಅವರ ಬ್ಯಾಂಕು, ನನ್ನ ಮನೆಸಾಲದ ಕಂಪನಿ: ಉತ್ತರ ಒಂದರ ಹತ್ತಿರಕ್ಕೇ ಬಂದು ಕೂತಿತು. ಬಿಲ್ಡರ್, ಕಾರು ಸ್ವಲ್ಪ ಕಡಿಮೆ, ಆದರೂ ಜಾಸ್ತಿಯೇ. ಮಾರುಕಟ್ಟೆಯೇ ಒಟ್ಟಾಗಿ ಏರಿಳಿಯುವುದರಿಂದ ಹೀಗೆ ಕಾಣುತ್ತಿರಬಹುದು ಎಂಬ ಅನುಮಾನವೂ ಬಂತು. ಇವರ ಖಾತೆಯ ಮೂಲೆಯಲ್ಲಿ ಹಳೆಯ ಔಷಧ ಕಂಪನಿಯ ಒಂದಿಷ್ಟು ಷೇರು ಬಿದ್ದಿತ್ತು. ಅದನ್ನು ಬ್ಯಾಂಕಿನ ಜೊತೆ ಇಟ್ಟು ನೋಡಿದೆ. ಉತ್ತರ ತೀರಾ ಸಣ್ಣದು. ಅಂದರೆ ದೋಷ ಬರೀ ಮಾರುಕಟ್ಟೆಯದಲ್ಲ, ನಮ್ಮ ಆಯ್ಕೆಯದು.

ಇವರನ್ನು ಎಬ್ಬಿಸಿ ಕೂರಿಸಿದೆ. "ನಿಮ್ಮ ಬ್ಯಾಂಕ್ ಏನ್ಮಾಡುತ್ತೆ? ಸಾಲ ಕೊಡುತ್ತೆ. ನನ್ನ ಕಂಪನಿ? ಸಾಲ ತಂದು ಸಾಲ ಕೊಡುತ್ತೆ. ಬಿಲ್ಡರ್ ಫ್ಲ್ಯಾಟ್ ಹೋಗೋದು ಸಾಲದ ಮೇಲೆ, ಕಾರ್ ಹೋಗೋದು ಕಂತಿನ ಮೇಲೆ. ಬಡ್ಡಿ ಏರಿದ್ರೆ ನಾಲ್ಕಕ್ಕೂ ಒಂದೇ ಪೆಟ್ಟು. ನಾವು ದುಡ್ಡು ಎರಡು ಭಾಗ ಮಾಡಿಲ್ಲ ರೀ. ಇಡೀ ದುಡ್ಡು ಬಡ್ಡಿ ಮೇಲೇ ಕಟ್ಟಿದ್ದೀವಿ. ಅರ್ಧ ಅರ್ಧ ಅಂದ್ಕೊಂಡ ಅಪಾಯ ನಿಜವಾಗಿ ಡಬಲ್."

ಕೇಂದ್ರ ಬ್ಯಾಂಕು ಬಡ್ಡಿದರ ಘೋಷಿಸುವ ದಿನ ಮುಂದಿನ ವಾರವೇ ಇತ್ತು. ದೀಪಾವಳಿಯೂ ಹತ್ತಿರ ಬಂದಿತ್ತು. ಒಂದು ಭಾಗವನ್ನಾದರೂ ಮಾರಿ ಠೇವಣಿಯ ದುಡ್ಡನ್ನು ಬ್ಯಾಂಕ್ ಖಾತೆಯಲ್ಲಿ ಭದ್ರವಾಗಿಡೋಣ, ಇಷ್ಟು ಬೇಗ ಬೇಕಾದ ದುಡ್ಡು ಷೇರಿನಲ್ಲಿ ಇರಲೇಬಾರದಿತ್ತು ಎಂದೆ. ಇವರು ಕಣ್ಣು ಕಿರಿದು ಮಾಡಿದರು.

"ಯಾರದ್ದು ಮಾರೋದು? ನಂದು ತಾನೇ? ನಿಂದು ಉಳಿಸ್ಕೊಳ್ಳೋಕೆ ಇಷ್ಟು ಲೆಕ್ಕ ಹಾಕಿದ್ದೀಯ ಅಂತ ನನಗೆ ಗೊತ್ತು."

ಎಂಥಾ ಕೋಪ ಬಂತೆಂದರೆ! "ಎರಡೂ ಒಂದೇ ಥರ ಬೀಳೋದು ಅಂದ್ಮೇಲೆ ಯಾರದ್ದು ಮಾರಿದ್ರೇನು? ತಗೊಳ್ಳಿ, ನಂದೇ ಮಾರ್ತೀನಿ," ಎಂದು ಅವರ ಎದುರೇ ಎರಡನ್ನೂ ಮಾರಿಬಿಟ್ಟೆ. ಮಾರಿದ ಮೇಲೂ ಅವರು ಒಂದು ದಿನ ನನ್ನ ಮುಖವನ್ನೇ ಓದುತ್ತಿದ್ದರು, ಇದರಲ್ಲಿ ಇನ್ನೇನು ಮಸಲತ್ತಿದೆಯೋ ಎಂದು.

ಘೋಷಣೆಯ ದಿನ ಬಡ್ಡಿದರ ಎಲ್ಲರೂ ಎಣಿಸಿದ್ದಕ್ಕಿಂತ ಹೆಚ್ಚೇ ಏರಿತು. ಅವರ ಬ್ಯಾಂಕು ಬಿತ್ತು, ಬಿಲ್ಡರ್ ಅದಕ್ಕಿಂತ ಜೋರಾಗಿ ಬಿತ್ತು. ನಾನು ಮಾರಿದ್ದ ಎರಡೂ ಬಿದ್ದವು. ಗಾಬರಿ ಬಿದ್ದ ದಿನಗಳಲ್ಲಿ ಇಂಥವೆಲ್ಲ ಒಂದನ್ನೊಂದು ಇನ್ನೂ ಬಿಗಿಯಾಗಿ ಹಿಡಿದುಕೊಂಡು ಇಳಿಯುತ್ತವೆ. ವಾರವಿಡೀ ಹಾಗೆಯೇ ಜಾರಿದವು. ಇವರು ಬಾಲ್ಕನಿ ಬಿಟ್ಟು ಏಳಲಿಲ್ಲ. ಪಾಪ ಅನಿಸಿತು, ಸುಳ್ಳೇಕೆ ಹೇಳಲಿ. ಆದರೆ ಪಾಪದ ಹಿಂದೆಯೇ ಒಂದು ಸಮಾಧಾನ: ಠೇವಣಿ ಉಳಿಯಿತು, ಮಗಳ ಕ್ಲಿನಿಕ್ ಉಳಿಯಿತು.

ಆ ಭಾನುವಾರ ಮಗಳು ಪೀತಮ್‌ಪುರದಿಂದ ಬಂದಳು. ಅಲ್ಲಿಯೇ ಗೆಳತಿಯರ ಜೊತೆ ಬಾಡಿಗೆ ಮನೆಯಲ್ಲಿರುತ್ತಾಳೆ. ಬಿಸಿಬೇಳೆ ಭಾತ್ ಮಾಡಿದ್ದೆ. ತಟ್ಟೆ ಮುಂದಿಟ್ಟು, "ಠೇವಣಿ ಚಿಂತೆ ಬಿಡು ಕಂದ, ನಮ್ಮ ಬುದ್ಧಿಯಿಂದ ಅದು ಉಳೀತು," ಎಂದು ಇಡೀ ಕಥೆ ಹೇಳಿದೆ. ಇವರೂ ತಲೆದೂಗಿದರು. ಅವಳು ಸಂತೋಷಪಡಲಿಲ್ಲ. ಚಮಚದಿಂದ ಭಾತನ್ನು ಕೆದಕುತ್ತ ಕೂತಳು.

"ಏನೇ, ಏನಾಯ್ತು?" ಅಂದೆ. ನನ್ನ ಅನುಮಾನ ಆಗಲೇ ಎದ್ದು ಕೂತಿತ್ತು.

"ಅಮ್ಮ, ಬೇಸಿಗೆಯಲ್ಲಿ ನೀನು ಏನಂದೆ? ಮನೆಸಾಲದ ಕಂಪನಿ ತಗೋ, ಅಪ್ಪಂಗೆ ಹೇಳ್ಬೇಡ ಅಂದೆ. ಅಪ್ಪ, ನೀವು ಫೋನ್ ಮಾಡಿ ಬ್ಯಾಂಕ್ ತಗೋ, ಅಮ್ಮಂಗೆ ಹೇಳ್ಬೇಡ ಅಂದ್ರಿ. ನಾನು ಮಷೀನ್ ದುಡ್ಡು ಆಧಾ ಆಧಾ ಎರಡರಲ್ಲೂ ಹಾಕ್ದೆ. ಈಗ ಅದರಲ್ಲಿ ಮಷೀನ್ ಬರೋಷ್ಟು ಉಳಿದಿಲ್ಲ."

ಇವರು ನನ್ನನ್ನು ನೋಡಿದರು. ನಾನು ಇವರನ್ನು ನೋಡಿದೆ.

"ಎರಡರಲ್ಲೂ ಯಾಕೆ ಹಾಕಿದೆ?" ಎಂದು ಇವರು ಕೇಳಿದರು.

"ಯಾಕಂದ್ರೆ ನಾನು ಹುಟ್ಟಿದಾಗಿಂದ ನೀವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ನೋಡಿಲ್ಲ. ಇವರಿಬ್ಬರೂ ಒಟ್ಟಿಗೆ ತಪ್ಪಾಗೋ ಚಾನ್ಸೇ ಇಲ್ಲ ಅಂದ್ಕೊಂಡೆ." ಅವಳು ಅಳಲಿಲ್ಲ, ಅತ್ತಿದ್ದರೆ ವಾಸಿಯಿತ್ತು. "ನಿಂದು ಮಾರಿದ ದಿನ ನನಗೆ ಒಂದು ಫೋನ್ ಮಾಡ್ಬಹುದಿತ್ತಲ್ಲ ಅಮ್ಮ."

ಆ ದಿನ ನಾನು ಗಂಡನ ಎದುರು ಗೆದ್ದ ಖುಷಿಯಲ್ಲಿದ್ದೆ. ಅವಳ ಕಿವಿಯಲ್ಲಿ ಊದಿದ್ದು ನೆನಪಿಗೂ ಬಂದಿರಲಿಲ್ಲ.

ಊಟ ಅರ್ಧಕ್ಕೆ ಬಿಟ್ಟು ಅವಳು ಎದ್ದು ಕೈ ತೊಳೆದಳು. ಬಾಲ್ಕನಿಗೆ ಹೋಗಿ ಅಂಗಡಿಯ ಮಾಲೀಕರಿಗೆ ಫೋನ್ ಹಚ್ಚಿ, ಅಂಕಲ್‌ಜೀ, ಅಂಗಡಿ ಬೇರೆ ಯಾರಿಗಾದರೂ ಕೊಟ್ಟುಬಿಡಿ, ಈ ವರ್ಷ ನನ್ನಿಂದ ಆಗುವುದಿಲ್ಲ ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದಳು. ನಾವಿಬ್ಬರೂ ಒಳಗೆ ಕೂತು ಅದನ್ನು ಕೇಳಿದೆವು.